ಸ್ಕ್ಯಾನ್ ಮಾಡಿದ ಕೋಡ್ ಕನ್ನಡದಲ್ಲಿ ಬೀಳುವುದು ಯಾಕೆ?

“ಬಿಲ್ಲಿಂಗ್‌ನಲ್ಲಿ ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ HK-205 ಬದಲು ‘ಫಖ-205’ ಬರ್ತಿದೆ. ಸ್ಕ್ಯಾನರ್ ಕೆಟ್ಟಿದೆಯಾ?”

ಇಲ್ಲ, ಅದು ಸರಿಯಾಗೇ ಓದುತ್ತಿದೆ. ಕಂಪ್ಯೂಟರ್ ಪಾಲಿಗೆ ನಿಮ್ಮ ಯುಎಸ್‌ಬಿ ಸ್ಕ್ಯಾನರ್ ಇನ್ನೊಂದು ಕೀಬೋರ್ಡ್ ಅಷ್ಟೇ. ಅದು ಅಕ್ಷರ ಕಳಿಸುವುದಿಲ್ಲ, ಯಾವ ಕೀ ಒತ್ತಬೇಕು ಅಂತ ಹೇಳುತ್ತದೆ. ನಿಮ್ಮಲ್ಲಿ ಇನ್‌ಸ್ಕ್ರಿಪ್ಟ್ ಅನ್ನುವ ಕನ್ನಡ ಕೀಬೋರ್ಡ್ ವಿನ್ಯಾಸ ಆನ್ ಇದೆ. ಅದರಲ್ಲಿ ಶಿಫ್ಟ್ ಜೊತೆ H ಒತ್ತಿದರೆ ಫ, K ಒತ್ತಿದರೆ ಖ. ಅಂಕಿಗಳು ಹಾಗೇ ಉಳಿದಿವೆ ನೋಡಿ. ಅದಕ್ಕೇ ಬಿಸ್ಕತ್ತು, ಸೋಪಿನ 13 ಅಂಕಿಯ ಕೋಡ್‌ನಲ್ಲಿ ಈ ತೊಂದರೆ ಕಾಣುವುದೇ ಇಲ್ಲ.

Win + Space ಒತ್ತಿ ಇಂಗ್ಲಿಷ್‌ಗೆ ಬನ್ನಿ, ನೋಟ್‌ಪ್ಯಾಡ್‌ನಲ್ಲಿ ಸ್ಕ್ಯಾನ್ ಮಾಡಿ. ಸರಿ ಬಂದರೆ ಕಾರಣ ಇದೇ.

ಪದೇ ಪದೇ ಬದಲಿಸುವುದು ಕಿರಿಕಿರಿ ಅಲ್ವಾ? ಸ್ಕ್ಯಾನರ್ ಮ್ಯಾನುಯಲ್‌ನಲ್ಲಿ Emulate Keypad ಅನ್ನುವ ಸೆಟ್ಟಿಂಗ್ ಕೋಡ್ ಇದ್ದರೆ ಅದನ್ನೇ ಸ್ಕ್ಯಾನ್ ಮಾಡಿ. ಆಮೇಲೆ ಅದು Alt ಹಿಡಿದು ಪ್ರತಿ ಅಕ್ಷರದ ಸಂಖ್ಯೆ ಕಳಿಸುತ್ತದೆ. ಸ್ವಲ್ಪ ನಿಧಾನ, ಆದರೆ ಕೀಬೋರ್ಡ್ ಭಾಷೆಯ ಗೊಡವೆ ಇರುವುದಿಲ್ಲ.