ಬಿಲ್ ಸರಿಯಿದೆಯಾ ಅಂತ ರೋಲ್ ಪೇಪರ್ ಮೇಲೆ ನೋಡಿ

ಪ್ರಶ್ನೆ: ನಮ್ಮದು ಚಿಕ್ಕ ಕಿರಾಣಿ ಅಂಗಡಿ. ಬಿಲ್ಲಿಂಗ್ ಸಾಫ್ಟ್‌ವೇರ್ ಕನ್ನಡಕ್ಕೆ ಬದಲಿಸಬೇಕು ಅಂತಿದ್ದೇನೆ. ಬೇಕಾದಾಗ ಮತ್ತೆ ಇಂಗ್ಲಿಷ್‌ಗೆ ತಿರುಗಿಸಬಹುದಲ್ವಾ? ಸ್ಕ್ರೀನ್ ಮೇಲೆ ಎಲ್ಲ ಸರಿಯಾಗೇ ಕಾಣ್ತಿದೆ.

ನಾನೂ ಸ್ಕ್ರೀನನ್ನೇ ನಂಬಿದ್ದೆ. ಎರಡು ಸಾಲಿನ ಒಂದು ಬಿಲ್ಲನ್ನು ಪ್ರಿವ್ಯೂನಲ್ಲಿ ನೋಡಿ, ಮರುದಿನದಿಂದಲೇ ಕನ್ನಡದಲ್ಲಿ ಬಿಲ್ ಕೊಡೋಕೆ ಶುರು ಮಾಡಿದೆ.

ಮೂರನೇ ದಿನ ಗಿರಾಕಿಯೊಬ್ಬರು ಖಾರದ ಪುಡಿಯ ಪ್ಯಾಕೆಟ್ ವಾಪಸ್ ತಂದರು. ಅವರ ಬಿಲ್ಲಿನಲ್ಲಿ ಎರಡು ಸಾಲು, ಎರಡರಲ್ಲೂ "ಕೆಂಪು ಮೆಣಸಿನಕಾಯಿ ಪುಡ". ದರ ಮಾತ್ರ ಬೇರೆ. ಒಂದು 100 ಗ್ರಾಂ, ಇನ್ನೊಂದು 200 ಗ್ರಾಂ, ಆದರೆ ಅದನ್ನು ಹೇಳುವ ಭಾಗವೇ ಕತ್ತರಿಸಿ ಹೋಗಿತ್ತು. ಕೌಂಟರ್ ಹುಡುಗ ಸಣ್ಣ ಪ್ಯಾಕೆಟ್ಟಿಗೆ ದೊಡ್ಡದರ ದುಡ್ಡು ಕೊಟ್ಟು ಕಳಿಸಿದ. ತಪ್ಪು ಅವನದ್ದಲ್ಲ, ನನ್ನದು.

ಆಗಿದ್ದು ಇಷ್ಟು. ನನ್ನ ಬಿಲ್ಲಿನಲ್ಲಿ ಐಟಂ ಹೆಸರಿಗೆ 20 ಅಕ್ಷರದ ಜಾಗ. `Red Chilli Pwd 100g` ಅಂದರೆ 19, ಸರಿಯಾಗಿ ಕೂತಿತ್ತು. ಕನ್ನಡದಲ್ಲಿ "ಪು" ನಮ್ಮ ಕಣ್ಣಿಗೆ ಒಂದೇ ಅಕ್ಷರ, ಸಾಫ್ಟ್‌ವೇರ್‌ಗೆ ಎರಡು: ಪ ಒಂದು, ಕೊಂಬು ಇನ್ನೊಂದು. "ಕೆಂ" ಮೂರು. ಹೀಗೆ ಎಣಿಸುತ್ತಾ ಹೋಗಿ "ಪುಡಿ"ಯ ಗುಡಿಸಿಗೆ ಬರುವಷ್ಟರಲ್ಲಿ ಜಾಗ ಮುಗಿದಿತ್ತು. ಗುಡಿಸು ಬಿತ್ತು, ಜೊತೆಗೆ ತೂಕವೂ ಬಿತ್ತು. ಪ್ರಿವ್ಯೂಗೆ ನಾನು ಹಾಕಿದ್ದು "ಅಕ್ಕಿ" ಮತ್ತು "ಬೆಲ್ಲ". ಅದರಲ್ಲಿ ಕತ್ತರಿಸಲು ಏನಿತ್ತು? ಅಂಗಡಿಯಲ್ಲೇ ಅತಿ ಉದ್ದದ ಹೆಸರು ಹಾಕಿ ಒಂದೇ ಒಂದು ಬಿಲ್ ಪ್ರಿಂಟ್ ತೆಗೆದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ನೀವು ಕೇಳಿದ "ಬೇಕಾದಾಗ ತಿರುಗಿಸೋದು" ಬೇಡವೇ ಬೇಡ. ಬಿಲ್ಲಿನ ಲೇಬಲ್‌ಗಳನ್ನು ಕನ್ನಡಕ್ಕೆ ಮಾಡಿ, ಹಾಗೇ ಬಿಡಿ. ಐಟಂ ಪಟ್ಟಿಯಲ್ಲಿರುವ ಮೂಲ ಹೆಸರನ್ನು ಅಳಿಸಿ ಕನ್ನಡ ಬರೆಯಬೇಡಿ. ಬಿಲ್ಲಿಗೆ ಬೇರೆ ಹೆಸರು ಕೊಡುವ ಜಾಗವಿದ್ದರೆ ಅಲ್ಲಿ ಬರೆಯಿರಿ, ತೂಕವನ್ನು ಮೊದಲು ಹಾಕಿ: "100ಗ್ರಾಂ ಖಾರದ ಪುಡಿ". ಇನ್ನು ಜಿಎಸ್‌ಟಿ ನಂಬರ್, ಎಚ್‌ಎಸ್‌ಎನ್ ಕೋಡ್, ಬಿಲ್ ನಂಬರ್ ಇಂಗ್ಲಿಷ್‌ನಲ್ಲೇ ಇರಲಿ. ಅಂಕಿಗಳೂ ಅಷ್ಟೇ. ಸಣ್ಣ ಪ್ರಿಂಟ್‌ನಲ್ಲಿ ೬ ಯಾವುದು, ೯ ಯಾವುದು ಅಂತ ಗಿರಾಕಿ ಕಣ್ಣು ಕಿರಿದು ಮಾಡಿ ನೋಡುವಂತಾಗಬಾರದು.

ಪರೀಕ್ಷೆಯನ್ನು ಬ್ಯಾಕಪ್ ಕಾಪಿಯಲ್ಲಿ ಮಾಡಿ. ನಿಜವಾದ ಲೆಕ್ಕದಲ್ಲಿ ಮಾಡಿದರೆ ಬಿಲ್ ನಂಬರ್‌ಗಳು ಸುಮ್ನೆ ಖರ್ಚಾಗುತ್ತವೆ. ನಾನು ಈಗ ಒಂದೇ ಬಿಲ್ ಇಟ್ಟುಕೊಂಡಿದ್ದೇನೆ: ಅತಿ ಉದ್ದದ ಹೆಸರು, 0.250 ಕೆ.ಜಿ. ಸರಕು, ರಿಯಾಯಿತಿ ಇರುವ ಒಂದು ಐಟಂ, ಬೇರೆ ಬೇರೆ ತೆರಿಗೆ ದರದ ಎರಡು ಐಟಂ. ಅದನ್ನು ಎರಡೂ ಭಾಷೆಯಲ್ಲಿ ರೋಲ್ ಮೇಲೆ ತೆಗೆದು ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಬೆರಳಿಟ್ಟು ನೋಡುತ್ತೇನೆ. ಮೊತ್ತ, ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ, ರೌಂಡ್ ಆಫ್ ಒಂದು ಪೈಸೆಯೂ ಬದಲಾಗಬಾರದು. ಇಂಗ್ಲಿಷ್‌ನ `Subtotal` ಮತ್ತು `Total` ಎರಡೂ ಕನ್ನಡದಲ್ಲಿ "ಒಟ್ಟು" ಆಗಿವೆಯಾ ಅಂತಲೂ ನೋಡಿ. ನನ್ನದರಲ್ಲಿ ಆಗಿತ್ತು. ಮೇಲಿನದನ್ನು "ತೆರಿಗೆಗೆ ಮೊದಲು", ಕೆಳಗಿನದನ್ನು "ಕೊಡಬೇಕಾದ್ದು" ಅಂತ ಮಾಡಿದ ಮೇಲೆ ಯಾರೂ ಮತ್ತೆ ಕೇಳಿಲ್ಲ.