ಹಳೇ ತೆರಿಗೆ ಪದ್ಧತಿಯೋ, ಹೊಸದೋ?

ಪ್ರಶ್ನೆ: ನನ್ನ ಸಂಬಳ ವರ್ಷಕ್ಕೆ 15 ಲಕ್ಷ, ಬೆಂಗಳೂರಲ್ಲಿ ಬಾಡಿಗೆ ಮನೆ. ಯಾವುದರಲ್ಲಿ ತೆರಿಗೆ ಕಡಿಮೆ?

ಹೊಸದರಲ್ಲಿ. 2025-26ರ ದರದಲ್ಲಿ, ಎಚ್‌ಆರ್‌ಎ ವಿನಾಯಿತಿ 2 ಲಕ್ಷ ಅಂತ ಇಟ್ಟುಕೊಂಡು ಲೆಕ್ಕ ಹಾಕಿದ್ದೇನೆ:

| | ಹಳೆಯದು | ಹೊಸದು |
|---|---|---|
| ಸ್ಟ್ಯಾಂಡರ್ಡ್ ಡಿಡಕ್ಷನ್ | 50,000 | 75,000 |
| 80ಸಿ (ಪಿಎಫ್, ಎಲ್‌ಐಸಿ) | 1,50,000 | ಇಲ್ಲ |
| ಎಚ್‌ಆರ್‌ಎ | 2,00,000 | ಇಲ್ಲ |
| ಆರೋಗ್ಯ ವಿಮೆ | 25,000 | ಇಲ್ಲ |
| ತೆರಿಗೆ ಬೀಳುವ ಆದಾಯ | 10,75,000 | 14,25,000 |
| ಸೆಸ್ ಸೇರಿ ತೆರಿಗೆ | 1,40,400 | 97,500 |

ನಿಮ್ಮ ಸಂಬಳಕ್ಕೆ ಒಟ್ಟು ಕಡಿತ 5,93,750 ದಾಟಿದರೆ ಮಾತ್ರ ಹಳೆಯದು ಲಾಭ. ಊರಲ್ಲಿ ಅಪ್ಪ ಅಮ್ಮ ಇರುವ ನಿಮ್ಮದೇ ಮನೆಯ ಸಾಲಕ್ಕೆ ವರ್ಷಕ್ಕೆ 2 ಲಕ್ಷ ಬಡ್ಡಿ ಕಟ್ತಿದೀರಾ? ಹಾಗಾದ್ರೆ ಲೆಕ್ಕ ತಿರುಗುತ್ತದೆ: ಹಳೆಯದರಲ್ಲಿ ತೆರಿಗೆ 91,000ಕ್ಕೆ ಇಳಿಯುತ್ತದೆ.

ಆಫೀಸಿನಲ್ಲಿ ನೀವು ಏನೂ ಹೇಳದಿದ್ದರೆ ಹೊಸದರ ಪ್ರಕಾರವೇ ಟಿಡಿಎಸ್ ಹಿಡಿಯುತ್ತಾರೆ. ರಿಟರ್ನ್ ಹಾಕುವಾಗ ಬದಲಿಸಬಹುದು, ಆದರೆ ಕೊನೇ ದಿನಾಂಕ ದಾಟಿದರೆ ಹಳೆಯದು ಸಿಗುವುದಿಲ್ಲ.