ಅಂತರಗಳೇ ಬೇರೆ, ಆಯಾಮಗಳೇ ಬೇರೆ: ಬಿಸಿನೀರಿನ ಒಂದು ದೂರಿನಿಂದ ನೋಡೋಣ

ಪ್ರಶ್ನೆ: "ಮಗಳು ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿದ್ದಾಳೆ. ಸರ್ವಿಸ್ ಕ್ವಾಲಿಟಿ ಅಧ್ಯಾಯವನ್ನು ಎರಡು ಪುಟಕ್ಕೆ ಇಳಿಸಿ, ಗ್ಯಾಪ್, ಡೈಮೆನ್ಶನ್ ಮತ್ತು ಸಣ್ಣ ಸನ್ನಿವೇಶಗಳನ್ನು ಬರೆಯಬೇಕಂತೆ. ಗ್ಯಾಪ್, ಡೈಮೆನ್ಶನ್ ಎರಡೂ ಐದೈದು ಇರುವುದರಿಂದ ಒಂದಕ್ಕೊಂದು ಜೋಡಿಸಬೇಕೇ? ನಮ್ಮ ಹೋಂಸ್ಟೇಯನ್ನೇ ಉದಾಹರಣೆ ಕೊಡಬಹುದೇ?"

ಮೇಡಂ, ಗ್ಯಾಪ್ ಎಂದರೆ ಅಂತರ, ಡೈಮೆನ್ಶನ್ ಎಂದರೆ ಆಯಾಮ; ದಯವಿಟ್ಟು ಇವನ್ನು ಜೋಡಿಸಬೇಡಿ. ಸಂಖ್ಯೆ ಒಂದೇ ಆಗಿರುವುದು ಕಾಕತಾಳೀಯ. 1985ರಲ್ಲಿ ಪರಶುರಾಮನ್, ಜೈಥಾಮಲ್ ಮತ್ತು ಬೆರ್ರಿ ಎಂಬ ಮೂವರು ಸಂಶೋಧಕರು ಅಂತರಗಳ ಮಾದರಿಯನ್ನು ಮುಂದಿಟ್ಟಾಗ ಗುಣಮಟ್ಟದ ಅಂಶಗಳು ಹತ್ತು ಇದ್ದವು; ಅವು ಐದು ಆಯಾಮಗಳಾಗಿ ಇಳಿದದ್ದು 1988ರಲ್ಲಿ, ಸರ್ವ್‌ಕ್ವಾಲ್ ಎಂಬ ಪ್ರಶ್ನಾವಳಿಯ ಜೊತೆಗೆ. ಮೊದಲ ನಾಲ್ಕು ಅಂತರಗಳು ಕೆಲಸ ಎಲ್ಲಿ ಕೆಟ್ಟಿತು ಎಂಬುದನ್ನು ಯಜಮಾನರ ಕಡೆಯಿಂದ ಹುಡುಕುತ್ತವೆ. ಐದನೆಯದು ಅತಿಥಿ ನಿರೀಕ್ಷಿಸಿದ್ದಕ್ಕೂ ಅವರ ಅನುಭವಕ್ಕೆ ಬಂದದ್ದಕ್ಕೂ ನಡುವಿನ ಅಂತರ, ಅಂದರೆ ಮೊದಲ ನಾಲ್ಕರ ಫಲ. ಆಯಾಮಗಳು ಈ ಐದನೆಯದನ್ನು ಅಳೆಯಲು ಬಳಕೆಯಾಗುತ್ತವೆ.

ನಿಮ್ಮ ಹೋಂಸ್ಟೇಯ ಉದಾಹರಣೆಯನ್ನು ಧಾರಾಳವಾಗಿ ಕೊಡಬಹುದು, ಆದರೆ ಐದು ಬೇರೆ ಬೇರೆ ಸನ್ನಿವೇಶಗಳ ಬದಲು ಒಂದೇ ದೂರನ್ನು ನಾಲ್ಕು ಕಾರಣಗಳಿಂದ ಬರೆಸಿ. ಮಡಿಕೇರಿ ಸಮೀಪದ ಹೋಂಸ್ಟೇ ಒಂದರಲ್ಲಿ ತಂಗಿರುವ ಕುಟುಂಬವೊಂದು ಬೆಳಿಗ್ಗೆ ಆರಕ್ಕೆ ತಲಕಾವೇರಿಗೆ ಹೊರಡಬೇಕು, ಐದೂವರೆಗೆ ನಲ್ಲಿಯಲ್ಲಿ ತಣ್ಣೀರು ಬರುತ್ತಿದೆ ಎಂದಿಟ್ಟುಕೊಳ್ಳಿ. ಅತಿಥಿಗಳು ನಿಧಾನವಾಗಿ ಏಳುತ್ತಾರೆ, ಅವರಿಗೆ ಬೇಕಿರುವುದು ತೋಟದ ನೋಟ ಮತ್ತು ಊಟ ಎಂದು ಯಜಮಾನರು ತಿಳಿದಿದ್ದರೆ ಅದು ಒಂದನೆಯ ಅಂತರ. ಹಿಂದಿನ ರಾತ್ರಿ ಎಷ್ಟು ಗಂಟೆಗೆ ಹೊರಡುತ್ತೀರಿ ಎಂದು ಕೇಳುವುದೇ ಅದಕ್ಕೆ ಮದ್ದು. ಅವರಿಗೆ ಗೊತ್ತಿದ್ದೂ ಕೆಲಸದವರಿಗೆ "ಬೇಗ ಒಲೆ ಹಚ್ಚಿ" ಎಂದಷ್ಟೇ ಹೇಳಿ, ಗಂಟೆಯನ್ನು ನಿಗದಿ ಮಾಡದಿದ್ದರೆ ಎರಡನೆಯದು. ನಾಲ್ಕೂವರೆಗೆ ಹಚ್ಚಬೇಕೆಂದು ಬರೆದಿಟ್ಟಿದ್ದರೂ ಸೌದೆ ಮಳೆಗೆ ನೆನೆದು ಉರಿಯದೆ ಹೋದರೆ, ಅಥವಾ ಆ ಕೆಲಸದವರು ರಜೆಯಲ್ಲಿದ್ದು ಬದಲಿ ಯಾರೂ ಇರದಿದ್ದರೆ ಮೂರನೆಯದು. ಎಲ್ಲವೂ ನಿಗದಿಯಂತೆಯೇ ನಡೆದು ಆರೂವರೆಗೆ ಬಿಸಿನೀರು ಬರುವ ವ್ಯವಸ್ಥೆಯಿದ್ದು, ಜಾಹೀರಾತಿನಲ್ಲಿ ಮಾತ್ರ "24 ಗಂಟೆ ಬಿಸಿನೀರು" ಎಂದಿದ್ದರೆ ನಾಲ್ಕನೆಯದು. ನಾಲ್ಕರಲ್ಲೂ ಅತಿಥಿಯ ದೂರು ಒಂದೇ ಆಗಿರುತ್ತದೆ, ಪರಿಹಾರ ಮಾತ್ರ ಒಂದೊಂದಕ್ಕೂ ಬೇರೆ. ನಾಲ್ಕನೆಯದರಲ್ಲಿ ಕೆಲಸದವರನ್ನು ಗದರಿಸಿ ಏನೂ ಪ್ರಯೋಜನವಿಲ್ಲ, ತಿದ್ದಬೇಕಾದದ್ದು ಜಾಹೀರಾತನ್ನು.

ಇದೇ ಕಾರಣಕ್ಕೆ, ಓದುಗರೊಬ್ಬರು ಬರೆದಿರುವ "ಹುಡುಗರಿಗೆ ತರಬೇತಿ ಕೊಟ್ಟರೆ ಎಲ್ಲ ಅಂತರವೂ ಮುಚ್ಚುತ್ತದೆ" ಎಂಬ ಮಾತು ಅರ್ಧ ಮಾತ್ರ ಸರಿ. ತರಬೇತಿ ಮೂರನೆಯ ಅಂತರಕ್ಕೆ ಒದಗುತ್ತದೆ, ಅಲ್ಲಿಯೂ ಸೌದೆ ಒಣಗಿಡುವ ಕೊಟ್ಟಿಗೆ ಇಲ್ಲದಿದ್ದರೆ ಒದಗದು.

ಆಯಾಮಗಳನ್ನು ಅದೇ ಬೆಳಗಿನ ಮುಂದುವರಿಕೆಯಾಗಿ ಬರೆಸಿ. ಹೇಳಿದ ಹೊತ್ತಿಗೆ ನೀರು ಬಾರದ್ದು ವಿಶ್ವಾಸಾರ್ಹತೆಗೆ ಬಿದ್ದ ಪೆಟ್ಟು. ಸರ್ವ್‌ಕ್ವಾಲ್ ಬಳಸಿದ ಆ ಮೂವರ ಅಧ್ಯಯನಗಳಲ್ಲಿ ಗ್ರಾಹಕರು ಹೆಚ್ಚು ತೂಕ ಕೊಟ್ಟದ್ದೂ ಇದಕ್ಕೇ. ಕರೆದ ಕೂಡಲೇ ಯಾರಾದರೂ ಅಡುಗೆಮನೆಯಿಂದ ಒಂದು ಬಕೆಟ್ ಬಿಸಿನೀರು ತಂದರೆ ಅದು ಸ್ಪಂದನೆ. "ಇನ್ನು ಇಪ್ಪತ್ತು ನಿಮಿಷ ಬೇಕು" ಎಂದು ತಿಳಿದು ಹೇಳುವ ಮಾತು ಭರವಸೆ ಹುಟ್ಟಿಸುತ್ತದೆ, "ಬರುತ್ತೆ, ಬರುತ್ತೆ" ಎಂಬ ಉತ್ತರ ಅದನ್ನು ಕಳೆಯುತ್ತದೆ. ಜೊತೆಯಲ್ಲಿರುವ ಅಜ್ಜಿಗೆ ಮೊದಲ ಬಕೆಟ್ ಕೊಡಬೇಕೆಂದು ತೋಚುವುದು ಸಹಾನುಭೂತಿ. ಬಚ್ಚಲಿನ ಟೈಲ್ಸ್, ಟವೆಲ್, ನಲ್ಲಿಗಳೆಲ್ಲ ಕಣ್ಣಿಗೆ ಕಾಣುವ ಸೌಕರ್ಯಗಳು. ವಿದ್ಯಾರ್ಥಿಗಳು ಉತ್ತರವನ್ನು ಇವುಗಳಿಂದಲೇ ತುಂಬಿಸಿಬಿಡುತ್ತಾರೆ, ಇದಕ್ಕೆ ಒಂದು ವಾಕ್ಯ ಸಾಕು.

ಅಂಕದ ಲೆಕ್ಕವನ್ನೂ ತೋರಿಸಲಿ. ಪ್ರಶ್ನಾವಳಿಯ 22 ಹೇಳಿಕೆಗಳಿಗೆ ಅತಿಥಿ ನಿರೀಕ್ಷೆಗೊಮ್ಮೆ, ಅನುಭವಕ್ಕೊಮ್ಮೆ 1ರಿಂದ 7ರವರೆಗೆ ಅಂಕ ಕೊಡುತ್ತಾರೆ. ಸಮಯಪಾಲನೆಯ ಬಗ್ಗೆ ನಿರೀಕ್ಷೆ 7, ಅನುಭವ 4 ಆದರೆ 4ರಿಂದ 7 ಕಳೆದು ಬರುವ ಅಂತರ ಮೈನಸ್ 3. ಎರಡನ್ನೂ ಹೊರಡುವಾಗಲೇ ಕೇಳಿದರೆ ತಣ್ಣೀರಿನ ಸಿಟ್ಟು ನಿರೀಕ್ಷೆಯ ಅಂಕದೊಳಗೂ ಸೇರಿಕೊಳ್ಳುತ್ತದೆ. ಕ್ರೋನಿನ್ ಮತ್ತು ಟೇಲರ್ 1992ರಲ್ಲಿ ಅನುಭವದ ಅಂಕವೊಂದೇ ಸಾಕೆಂದು ವಾದಿಸಿ ಸರ್ವ್‌ಪರ್ಫ್ ಎಂಬ ಅಳತೆಯನ್ನು ಮುಂದಿಟ್ಟರು. ಯಾವುದು ಮೇಲು ಎಂಬ ಚರ್ಚೆ ಇನ್ನೂ ಮುಗಿದಿಲ್ಲವಾದ್ದರಿಂದ ತೀರ್ಪು ಕೊಡದೆ ಎರಡನ್ನೂ ಹೆಸರಿಸುವುದು ಒಳ್ಳೆಯದು.

ಸಕಲೇಶಪುರದಲ್ಲಿ ಹೋಂಸ್ಟೇ ನಡೆಸುವ ಸ್ನೇಹಿತರೊಬ್ಬರು ಮೊಬೈಲ್ ನೆಟ್‌ವರ್ಕ್ ಇಲ್ಲವೆಂದು ಅತಿಥಿಗಳು ಕೆಟ್ಟ ರಿವ್ಯೂ ಬರೆದದ್ದನ್ನು ಹೇಳಿ, ಇದಕ್ಕೆ ನಾನು ಹೇಗೆ ಹೊಣೆ ಎಂದು ಕೇಳಿದ್ದಾರೆ. ಇದು ಪಠ್ಯದ ಪ್ರಶ್ನೆಯಲ್ಲದಿದ್ದರೂ ಒಳ್ಳೆಯ ಸನ್ನಿವೇಶ. ಬುಕಿಂಗ್ ಪುಟದಲ್ಲಿ ನೆಟ್‌ವರ್ಕ್ ಇದೆಯೆಂದು ಬರೆದಿದ್ದರೆ ನಾಲ್ಕನೆಯ ಅಂತರ. ಅಲ್ಲಿ ಏನನ್ನೂ ಬರೆದಿರದಿದ್ದರೆ ನಾನು ಒಂದನೆಯದೆನ್ನುತ್ತೇನೆ, ಏಕೆಂದರೆ ಅತಿಥಿ ಅದನ್ನು ನಿರೀಕ್ಷಿಸುತ್ತಾರೆಂಬುದು ತಿಳಿದಿರಲಿಲ್ಲ. ತಿಳಿಸಬೇಕಾದದ್ದನ್ನು ತಿಳಿಸದಿರುವುದೂ ನಾಲ್ಕನೆಯದೇ ಎನ್ನುವವರಿದ್ದಾರೆ. ಮಗಳು ಯಾವುದನ್ನು ಆರಿಸಿದರೂ ಕಾರಣವನ್ನು ಬರೆಯಲಿ.